ಹೊತ್ತು ಹೋಗದ ಊರು: ಕಾರ್ನಾಡರ ಶಿರಸಿಯನ್ನು ರಾಯಬಾಗದಿಂದ ಓದುವುದು

ಕನ್ನಡದ ಆತ್ಮಕಥೆಗಳಲ್ಲಿ ಬಾಲ್ಯ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. ಒಂದು ಹಸಿವು, ಅವಮಾನಗಳ ಬಾಲ್ಯ. ಇನ್ನೊಂದು ಹೊಳೆ, ಮಾವಿನ ತೋಪು, ಅಜ್ಜಿಯ ಕತೆಗಳ ಬಾಲ್ಯ. ಊಟಕ್ಕೆ ಕೊರತೆಯಿಲ್ಲದ, ಹೇಳಿಕೊಳ್ಳುವಂಥ ಸುಖವೂ ಇಲ್ಲದ, ಸುಮ್ಮನೆ ಹೊತ್ತು ಹೋಗದ ಬಾಲ್ಯ ನಮ್ಮಲ್ಲಿ ವಿಮರ್ಶೆಯ ವಸ್ತುವಾದದ್ದು ಕಡಿಮೆ. ಬೇಸರದಿಂದ ಏನು ಹುಟ್ಟುತ್ತದೆ ಎಂದು ಕೇಳಬೇಕಾದರೆ ಗಿರೀಶ ಕಾರ್ನಾಡರಿಂದ ಶುರು ಮಾಡುವುದು ಒಳ್ಳೆಯದು. ಅವರ ‘ಆಡಾಡತ ಆಯುಷ್ಯ’ (2011) ಮತ್ತು ತಮ್ಮ ನಾಟಕಗಳ ಬಗ್ಗೆ ಅವರು ಬರೆದ ಮಾತುಗಳನ್ನು ಜೊತೆಗಿಟ್ಟು ಓದಿದರೆ, ಸಣ್ಣ ಊರಿನ ಬೇಸರಕ್ಕೂ ಮುಂದಿನ ಆಯ್ಕೆಗಳಿಗೂ ಇರುವ ನಂಟು ಕಾಣುತ್ತದೆ.

ಮೊದಲು ಪದದ ಬಗ್ಗೆ ಎರಡು ಮಾತು. ನಮ್ಮ ಚಿಕ್ಕೋಡಿ, ಅಥಣಿ ಕಡೆ ‘ಬ್ಯಾಸರಾಗೈತಿ’ ಎಂದರೆ ಕೇಳಿದವರು ಕೂಡಲೇ ಅರ್ಥ ಮಾಡಿಕೊಳ್ಳುವುದಿಲ್ಲ. ಯಾಕೆ, ಏನಾತು ಎಂದು ಕೇಳುತ್ತಾರೆ. ದುಃಖಕ್ಕೂ ಅದೇ ಪದ, ದಣಿವಿಗೂ ಅದೇ, ಮುನಿಸಿಗೂ ಅದೇ. ಬರೀ ಕಾಲ ಕಳೆಯದ ಸ್ಥಿತಿಗೆ ನಾವು ಬಳಸುವುದು ಇನ್ನೊಂದು ಮಾತು: ‘ಹೊತ್ತ ಹೋಗವಲ್ದು.’ ಇಲ್ಲಿ ತಪ್ಪು ಹೊತ್ತಿನದು, ಹೇಳುವವನದಲ್ಲ. ಹೊತ್ತು ಎಂಬುದು ಎಲ್ಲಿಗೋ ಹೋಗಬೇಕಾದದ್ದು, ಆದರೆ ಇಲ್ಲೇ ಕೂತಿದೆ. ಅದು ಹೋಗದಿದ್ದರೆ ತಾನೇ ಹೋಗಬೇಕು ಎನ್ನುವ ಯೋಚನೆ ಆ ಮಾತಿನ ಪಕ್ಕದಲ್ಲೇ ಇರುತ್ತದೆ.

ಕಾರ್ನಾಡರ ತಂದೆ ಸರ್ಕಾರಿ ವೈದ್ಯರು. ಅವರ ಕೆಲಸದ ಕಾರಣ ಕುಟುಂಬ 1940ರ ದಶಕದಲ್ಲಿ ಶಿರಸಿಗೆ ಬಂತು. ಆಗ ಆ ಊರಿಗೆ ವಿದ್ಯುತ್ ಇರಲಿಲ್ಲ. ಸೂರ್ಯ ಮುಳುಗಿದ ಮೇಲೆ ಮಾಡಲು ಏನೂ ಇಲ್ಲ. ಆ ಕತ್ತಲಿನ ನಡುವೆ ಬೆಳಕು ಕಾಣುತ್ತಿದ್ದದ್ದು ಎರಡು ಕಡೆ. ಆಗೊಮ್ಮೆ ಈಗೊಮ್ಮೆ ಊರಿಗೆ ಬರುತ್ತಿದ್ದ ನಾಟಕ ಕಂಪನಿಗಳ ಪೆಟ್ರೋಮ್ಯಾಕ್ಸ್ ಬೆಳಕಿನ ಆಟಗಳು ಒಂದು. ಅವಕ್ಕೆ ಹುಡುಗ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದ. ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ನಡೆಯುತ್ತಿದ್ದ ಯಕ್ಷಗಾನ ಇನ್ನೊಂದು. ಅದಕ್ಕೆ ಮನೆಗೆಲಸದವರ ಜೊತೆ ಹೋಗುತ್ತಿದ್ದ. ಓದಿದ ಮನೆಯವರು ಆಗಲೇ ಯಕ್ಷಗಾನವನ್ನು ತಮ್ಮದಲ್ಲವೆಂದು ಬಿಟ್ಟಿದ್ದರೆಂಬುದು ಈ ಒಂದು ವಿವರದಲ್ಲೇ ತಿಳಿಯುತ್ತದೆ.

ಇದನ್ನು ನಾಟಕಕಾರನಾಗಲು ಸಿಕ್ಕ ತಾಲೀಮು ಎಂದು ಓದುವುದು ವಾಡಿಕೆ. ಆದರೆ ಆಟ ನಡೆದ ರಾತ್ರಿಗಳಿಗಿಂತ ನಡೆಯದ ರಾತ್ರಿಗಳೇ ಹೆಚ್ಚಿದ್ದವು ಎಂಬುದನ್ನು ಮರೆಯಬಾರದು. ಬೆಳಕಿಗಾಗಿ ಕಾದ ಕಣ್ಣು ಬೆಳಕನ್ನು ನೋಡುವ ರೀತಿಯೇ ಬೇರೆ. ಮುಂದೆ ಮುಂಬಯಿಗೆ ಹೋದಾಗ ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗ್‌ನ ‘ಮಿಸ್ ಜೂಲಿ’ ನೋಡಿ ಕಾರ್ನಾಡರು ತತ್ತರಿಸಿದರು. ನಾಟಕದ ಕ್ರೌರ್ಯ ಅವರನ್ನು ತಟ್ಟಿದ್ದು ನಿಜ. ಅದರಷ್ಟೇ ತಟ್ಟಿದ್ದು, ಡಿಮ್ಮರ್‌ನಿಂದಾಗಿ ರಂಗದ ದೀಪ ಮೆಲ್ಲಗೆ ಹೊತ್ತಿ ಮೆಲ್ಲಗೆ ಆರಿದ್ದು. ದೊಡ್ಡ ಊರಿನಲ್ಲಿ ಹುಟ್ಟಿ ಬೆಳೆದ ಪ್ರೇಕ್ಷಕನಿಗೆ ಅದೊಂದು ತಂತ್ರ ಅಷ್ಟೆ. ಕತ್ತಲು ಒಮ್ಮೆಲೇ ಬಿದ್ದು ಬೆಳಗಾಗುವವರೆಗೂ ಕದಲದ ಊರಿನಿಂದ ಬಂದವನಿಗೆ, ಕತ್ತಲೆಯನ್ನೂ ಮನುಷ್ಯ ಕೈಯಲ್ಲಿ ಹಿಡಿದು ಆಡಿಸಬಲ್ಲ ಎಂಬ ಸುದ್ದಿ ಅದು.

ಎರಡನೆಯ ಸಂಗತಿ ಆಯ್ಕೆಗಳದ್ದು. 14ನೇ ವಯಸ್ಸಿನ ಹೊತ್ತಿಗೆ ಕಾರ್ನಾಡರು ಧಾರವಾಡಕ್ಕೆ ಬಂದರು. ಹದಿಹರೆಯದಲ್ಲಿ ಅವರಿಗೊಂದು ಹವ್ಯಾಸವಿತ್ತು: ಪ್ರಸಿದ್ಧರ ಚಿತ್ರ ಬರೆದು, ಅವರಿಗೇ ಅಂಚೆಯಲ್ಲಿ ಕಳಿಸಿ, ಸಹಿ ತರಿಸಿಕೊಳ್ಳುವುದು. ಐರಿಷ್ ನಾಟಕಕಾರ ಶಾನ್ ಓ’ಕೇಸಿ ಸಹಿ ಹಾಕುವ ಬದಲು ಪತ್ರ ಬರೆದು, ಬೇರೆಯವರ ಸಹಿ ಬೇಡುತ್ತ ಹೊತ್ತು ಕಳೆಯಬೇಡ, ಜನ ನಿನ್ನ ಸಹಿ ಕೇಳುವಂಥದ್ದೇನಾದರೂ ಮಾಡು ಎಂದು ಬುದ್ಧಿ ಹೇಳಿದರು. ಈ ಪ್ರಸಂಗವನ್ನು ನಾವು ಸ್ಫೂರ್ತಿಯ ಕತೆಯಾಗಿ ಹೇಳುತ್ತೇವೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಅಂಚೆ. ತಾನು ಹೋಗಲಾಗದ ಕಡೆಗೆಲ್ಲ ತನ್ನ ಗೆರೆಗಳನ್ನು ಕಳಿಸುವ ಹುಡುಗ ಒಂದು ವಿಳಾಸಕ್ಕಾಗಿ ಹುಡುಕುತ್ತಿದ್ದಾನೆ.

ಕರ್ನಾಟಕ ಕಾಲೇಜಿನಲ್ಲಿ ಅವರು ಆರಿಸಿಕೊಂಡ ವಿಷಯ ಗಣಿತ. ಗಣಿತದ ಮೇಲಿನ ಪ್ರೀತಿ ಇದಕ್ಕೆ ಕಾರಣವಲ್ಲ. ವಿದೇಶಕ್ಕೆ ಹೋಗಲು ವಿದ್ಯಾರ್ಥಿವೇತನ ಬೇಕು, ವಿದ್ಯಾರ್ಥಿವೇತನಕ್ಕೆ ಮೊದಲ ದರ್ಜೆ ಬೇಕು, ಸಾಹಿತ್ಯದಲ್ಲಿ ಸಿಗದ ಅಂಕ ಗಣಿತದಲ್ಲಿ ಸಿಗುತ್ತದೆ. ಇಂಗ್ಲೆಂಡಿಗೆ ಹೋಗಿ ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲಕ್ಕೆ ಗಣಿತ ಒಂದು ಟಿಕೇಟು. 1958ರಲ್ಲಿ ಪದವಿ, 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡ್. ಲೆಕ್ಕ ಸರಿಯಾಗಿಯೇ ಬಂತು.

ಸರಿಬಾರದೆ ಹೋದದ್ದು ಕವಿತೆ. ಹೊರಡುವ ಸಿದ್ಧತೆಯ ದಿನಗಳಲ್ಲಿ, ಮಗ ಮರಳಿ ಬರುತ್ತಾನೋ ಇಲ್ಲವೋ ಎಂಬ ಆತಂಕ ಮನೆಯನ್ನು ತುಂಬಿದ್ದಾಗ, ಅವರು ಬರೆದದ್ದು ನಾಟಕ, ಅದೂ ಕನ್ನಡದಲ್ಲಿ, ಅದೂ ಪುರಾಣದ ಕತೆಯ ಮೇಲೆ. ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿದ ‘ಯಯಾತಿ’ಯಲ್ಲಿ ಮಗ ತನ್ನ ತಾರುಣ್ಯವನ್ನು ಅಪ್ಪನಿಗೆ ಕೊಡುತ್ತಾನೆ. ಹಿರಿಯರ ನಿರೀಕ್ಷೆಯ ಭಾರದ ವಿರುದ್ಧ ತಮ್ಮೊಳಗಿದ್ದ ಸಿಟ್ಟೇ ಆ ರೂಪ ತಾಳಿತೆಂದು ಕಾರ್ನಾಡರು ಆಮೇಲೆ ಗುರುತಿಸಿಕೊಂಡರು. ಇದಕ್ಕೆ ನಾನು ಸೇರಿಸುವುದು ಇಷ್ಟು: ಊರು ಬಿಡಲು ಬೇಕಾದ ಸಾಮಾನನ್ನೆಲ್ಲ ಅವರು ಇಂಗ್ಲಿಷಿನಲ್ಲಿ, ಗಣಿತದಲ್ಲಿ ಕಟ್ಟಿಟ್ಟುಕೊಂಡಿದ್ದರು. ಆದರೆ ಹೊರಡುವ ನೋವನ್ನು ಹೇಳಲು ಒದಗಿದ್ದು ಶಿರಸಿಯ ರಾತ್ರಿಗಳಲ್ಲಿ, ಮನೆಗೆಲಸದವರ ಪಕ್ಕದಲ್ಲಿ ಕೂತು ನೋಡಿದ ಪುರಾಣ ಲೋಕ.

ಇಲ್ಲಿಯವರೆಗಿನದು ಬೇಸರ ಫಲ ಕೊಟ್ಟ ಕತೆ. ರಾಯಬಾಗದಲ್ಲಿ ಕೂತು ಓದುವಾಗ ಇದರ ಮಿತಿಯೂ ಕಾಣುತ್ತದೆ. ಬೆಳಗಾವಿಯಿಂದ ಮೀರಜಿಗೆ ಹೋಗುವ ರೈಲುದಾರಿಯಲ್ಲಿ ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವಿದೆ. ರೈಲ್ವೆಯ ಭಾಷೆಯಲ್ಲಿ ಹೆಸರಿನ ಮುಂದೆ ‘ರೋಡ್’ ಎಂದಿದ್ದರೆ, ಊರು ಇಲ್ಲಿಲ್ಲ, ದಾರಿ ಮಾತ್ರ ಇದೆ ಎಂದರ್ಥ. ನಿಪ್ಪಾಣಿಗೂ ಅಥಣಿಗೂ ರೈಲೇ ಇಲ್ಲ. ನಮ್ಮ ಹಂಬಲಗಳು ಹೋಗುತ್ತಿದ್ದದ್ದೂ ಎರಡು ದಿಕ್ಕಿಗೆ. ಸಿನಿಮಾ, ಬಟ್ಟೆ, ದವಾಖಾನೆಗೆ ಮೀರಜ, ಸಾಂಗ್ಲಿ, ಕೊಲ್ಲಾಪುರ. ಓದು, ನೌಕರಿಗೆ ಬೆಳಗಾವಿ, ಧಾರವಾಡ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ಫ್ಯಾಕ್ಟರಿಗೆ ಸಾಗುತ್ತವೆ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ. ಆಮೇಲೆ ಬೇಸಿಗೆ, ಕರೆಂಟ್ ಇಲ್ಲದ ಮಧ್ಯಾಹ್ನ. ಹತ್ತನೆಯ ತರಗತಿ ಮುಗಿದಾಗ ನಾವು ಕೆಲವರು ಸೈನ್ಸ್ ತಗೊಂಡೆವು. ಕಾರ್ನಾಡರ ಗಣಿತದ ಹಾಗೆಯೇ ಅದೂ ಟಿಕೇಟು. ನಮ್ಮಷ್ಟೇ ಬೇಸರಪಟ್ಟ, ನಮಗಿಂತ ಚುರುಕಾದ ಇಬ್ಬರು ಹುಡುಗಿಯರಿಗೆ ಪಿಯುಸಿ ಮುಗಿಯುವ ಮೊದಲೇ ಮದುವೆಯಾಯಿತು. ಅವರ ಬೇಸರ ಎಲ್ಲಿಗೆ ಹೋಯಿತು?

ಕಾರ್ನಾಡರ ನಾಟಕಗಳನ್ನು ಈ ಪ್ರಶ್ನೆಯಿಂದ ಮತ್ತೆ ಓದಬೇಕು ಎಂಬುದೇ ನನ್ನ ವಾದ. ‘ಯಯಾತಿ’ಯಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಹೊಸದಾಗಿ ಮನೆ ತುಂಬಿ ಬಂದವಳು. ಗಂಡ ಮುಪ್ಪನ್ನು ಹೊತ್ತುಕೊಂಡಿದ್ದಾನೆ, ಮಾವ ಅವನ ತಾರುಣ್ಯವನ್ನು ಉಟ್ಟಿದ್ದಾನೆ. ಹಾಗಿದ್ದರೆ ನೀನೇ ನನ್ನನ್ನು ಸ್ವೀಕರಿಸು ಎಂದು ಅವಳು ಮಾವನಿಗೇ ಸವಾಲು ಹಾಕಿ, ಕೊನೆಗೆ ವಿಷ ಕುಡಿಯುತ್ತಾಳೆ. ಅಪ್ಪನ ಹಂಬಲ, ಮಗನ ತ್ಯಾಗ ಎರಡರ ಬೆಲೆಯನ್ನೂ ತೆತ್ತವಳು ಅವಳು. ಇಪ್ಪತ್ತೆರಡರ ಆಸುಪಾಸಿನ ನಾಟಕಕಾರನಿಗೆ ಈ ಹೆಣ್ಣು ಕಂಡಿದ್ದಾಳೆ, ಆದರೆ ಅವಳಿಗೊಂದು ದಾರಿ ಕಂಡಿಲ್ಲ. ಅವನಿಗೆ ತಿಳಿದಿದ್ದ ದಾರಿ ಹೊರಟುಹೋಗುವುದೊಂದೇ.

ಸುಮಾರು ಮೂರು ದಶಕಗಳ ನಂತರದ ‘ನಾಗಮಂಡಲ’ ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳನ್ನು ಆಧರಿಸಿದ ಈ ನಾಟಕವನ್ನು ನಾವು ಕಾಮ, ದಾಂಪತ್ಯ, ಶೀಲಗಳ ನಾಟಕವೆಂದು ಓದುತ್ತ ಬಂದಿದ್ದೇವೆ. ಆದರೆ ಅದು ಶುರುವಾಗುವುದೇ ಬೇಸರದಿಂದ. ಪಾಳು ಗುಡಿಯಲ್ಲಿ ಕೂತ ನಾಟಕಕಾರ ಸಾಯಲಿದ್ದಾನೆ, ಯಾಕೆಂದರೆ ಅವನ ನಾಟಕಗಳು ಎಷ್ಟೋ ಜನರನ್ನು ನಿದ್ದೆಗೆ ಕೆಡವಿವೆ. ಒಂದು ರಾತ್ರಿಯಿಡೀ ಎಚ್ಚರವಿದ್ದರೆ ಅವನು ಬದುಕುತ್ತಾನೆ. ಆಗ ಮನೆಗಳಲ್ಲಿ ಆರಿಸಿದ ದೀಪಗಳ ಜ್ಯೋತಿಗಳು ಒಂದೊಂದಾಗಿ ಗುಡಿಗೆ ಬಂದು ಹರಟೆಗೆ ಕೂರುತ್ತವೆ. ವಿದ್ಯುತ್ತಿಲ್ಲದ ಊರಿನಲ್ಲಿ ದೀಪ ಆರಿದ ಮೇಲೆ ಬೆಳಕು ಎಲ್ಲಿಗೆ ಹೋಗುತ್ತದೆ ಎಂದು ಮಲಗಿದಲ್ಲೇ ಯೋಚಿಸಿದ ಹುಡುಗ ಮಾತ್ರ ಬರೆಯಬಲ್ಲ ದೃಶ್ಯ ಇದು.

ಒಳಗಿನ ಕತೆಯಲ್ಲಿ ರಾಣಿಯಿದ್ದಾಳೆ. ಗಂಡ ಅಪ್ಪಣ್ಣ ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಉಂಡು, ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ಅವಳಿಗೆ ಗಣಿತವಿಲ್ಲ, ಅಂಚೆಯಿಲ್ಲ, ರೈಲಿಲ್ಲ. ಒಬ್ಬಳೇ ಕೂತು, ತನ್ನನ್ನು ಹೊತ್ತೊಯ್ಯುವ ಹದ್ದಿನ ಕತೆ ಕಟ್ಟಿಕೊಳ್ಳುತ್ತಾಳೆ. ಚಿತ್ರಲೇಖೆಗೂ ರಾಣಿಗೂ ಇರುವ ವ್ಯತ್ಯಾಸ ಇಲ್ಲಿದೆ. ಒಬ್ಬಳು ಸಾವಿನ ಮೂಲಕ ಹೊರಗೆ ಹೋದಳು. ಇನ್ನೊಬ್ಬಳು ಎಲ್ಲಿಗೂ ಹೋಗುವುದಿಲ್ಲ, ಬೀಗದ ಮನೆಯೊಳಕ್ಕೇ ಕತೆ ಬರುತ್ತದೆ. ಹಗಲಿನ ಗಂಡನ ರೂಪದಲ್ಲೇ ರಾತ್ರಿ ನಾಗ ಬರುತ್ತಾನೆ.

ಇದನ್ನು ಬಿಡುಗಡೆ ಎಂದು ಕರೆಯಲು ನನಗೆ ಹಿಂಜರಿಕೆಯಿದೆ. ಊರು ರಾಣಿಯನ್ನು ದೇವಿಯೆಂದು ಒಪ್ಪಿಕೊಂಡರೂ ಅವಳು ಉಳಿಯುವುದು ಅದೇ ಮನೆಯಲ್ಲಿ. ಕತೆ ಕಟ್ಟುವ ಶಕ್ತಿ ಬೀಗ ತೆಗೆಯುವುದಿಲ್ಲ. ಆದರೆ ನಾಟಕ ಅದನ್ನು ಮುಚ್ಚಿಡುವುದೂ ಇಲ್ಲ: ನಾಗ ಸತ್ತನೆಂಬ ಮುಕ್ತಾಯವನ್ನು ಜ್ಯೋತಿಗಳು ಒಪ್ಪುವುದಿಲ್ಲ. ಬೆಳಗಾಗಲು ಇನ್ನೂ ಹೊತ್ತಿದೆ, ಬೇರೆ ಮುಕ್ತಾಯ ಬೇಕು. ಆಗ ಹಾವು ಅವಳ ಜಡೆಯಲ್ಲಿ ಅಡಗಿ ಉಳಿಯುವ ಇನ್ನೊಂದು ಕೊನೆ ಹುಟ್ಟುತ್ತದೆ. ಕೇಳುವವರ ಅತೃಪ್ತಿಯೇ ಕತೆಯನ್ನು ಮುಂದೂಡುತ್ತದೆ.

ಆಕ್ಸ್‌ಫರ್ಡ್‌ನಿಂದ 1963ರಲ್ಲಿ ಮರಳಿ ಬಂದು, ಮದ್ರಾಸಿನ ಪ್ರಕಾಶನ ಸಂಸ್ಥೆಯ ಕೆಲಸವನ್ನೂ 1970ರಲ್ಲಿ ಬಿಟ್ಟು ಬರವಣಿಗೆಗೆ ನಿಂತ ಕಾರ್ನಾಡರನ್ನು ಬೇಸರ ಊರಿನಿಂದ ಹೊರಗೆ ಕಳಿಸಿತು ಎನ್ನುವುದು ಅರ್ಧ ಸತ್ಯ. ವೈದ್ಯರ ಮನೆ, ಇಂಗ್ಲಿಷ್ ಓದು, ಗಂಡುಹುಡುಗನಿಗಿದ್ದ ಬಿಡುವು ಜೊತೆಗಿದ್ದದ್ದರಿಂದ ಆ ಬೇಸರಕ್ಕೆ ಬಾಗಿಲು ಸಿಕ್ಕಿತು. ಬಾಗಿಲು ಸಿಗದ ಬೇಸರವನ್ನು ನೋಡಲು ಅವರು ‘ನಾಗಮಂಡಲ’ದವರೆಗೆ ಬರಬೇಕಾಯಿತು. ಸಣ್ಣ ಊರಿನ ಲೇಖಕರನ್ನು ಓದುವಾಗ ಅವರು ಎಲ್ಲಿಗೆ ತಲುಪಿದರು ಎಂದಷ್ಟೇ ಕೇಳುವ ನಮ್ಮ ವಿಮರ್ಶೆ, ಅವರ ಪಕ್ಕದಲ್ಲೇ ಕೂತು ಹೊತ್ತು ಹೋಗದೆ ಒದ್ದಾಡಿದವರು ಬರಹದೊಳಗೆ ಯಾವಾಗ ಬಂದರು ಎಂದೂ ಕೇಳಬೇಕು. ನಮ್ಮ ಕಡೆಯ ಆ ಇಬ್ಬರು ಹುಡುಗಿಯರ ಮಧ್ಯಾಹ್ನಗಳನ್ನು ಕನ್ನಡದಲ್ಲಿ ಇನ್ನೂ ಯಾರಾದರೂ ಬರೆಯಬೇಕಾಗಿದೆ.