ರಾಮಾನುಜನ್ ಮತ್ತು ಅಂಕಿತದ ತೊಡಕು

ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಕೈಗೆ ಬಂದಾಗಲೆಲ್ಲ ನನ್ನ ಕಣ್ಣು ಹೋಗುವುದು ವಚನದ ಕೊನೆಗೆ, ಅಂಕಿತದ ಕಡೆಗೆ. ಅವರ ಕಸುಬಿನ ಜಾಣ್ಮೆಯೂ ಹಟವೂ ಅಲ್ಲೇ ಕಾಣುತ್ತವೆ.

ಬಸವಣ್ಣನ ಕೂಡಲಸಂಗಮದೇವ ಅಲ್ಲಿ ‘ಲಾರ್ಡ್ ಆಫ್ ದ ಮೀಟಿಂಗ್ ರಿವರ್ಸ್’. ಅರ್ಥಕ್ಕೆ ಕುಂದಿಲ್ಲ, ಕೃಷ್ಣೆ ಮಲಪ್ರಭೆ ಕೂಡುವಲ್ಲಿಯ ದೇವರೇ ಅವನು. ಆದರೆ ಕನ್ನಡದ ಕಿವಿಗೆ ಅದು ಮೊದಲು ಹೆಸರು, ಆಮೇಲೆ ಅರ್ಥ. ಇಂಗ್ಲಿಷಿನಲ್ಲಿ ಹೆಸರು ಹೋಗಿ ಅರ್ಥ ಮಾತ್ರ ಉಳಿಯಿತು. ಊರು, ಗುಡಿ ಎರಡೂ ಕಳಚಿ ಯಾವ ನದಿಯ ದಡಕ್ಕಾದರೂ ಸಲ್ಲುವ ದೇವರಾದ. ಅಕ್ಕನ ಚೆನ್ನಮಲ್ಲಿಕಾರ್ಜುನನನ್ನು ಅವರು ಮಲ್ಲಿಗೆಯಷ್ಟು ಬಿಳಿಯ ಒಡೆಯನಾಗಿಸಿದರು. ಅರ್ಜುನ ಎಂದರೆ ಬಿಳುಪು, ಸರಿ. ‘ಚೆನ್ನ’ ಮಾತ್ರ ಎಲ್ಲೂ ಕಾಣಿಸದು. ಆದರೂ ಅಕ್ಕನ ಮೋಹಕ್ಕೆ ಈ ರೂಪ ಎಷ್ಟು ಒಪ್ಪುತ್ತದೆಂದರೆ, ಜಗಳ ತೆಗೆಯಲು ನನಗೆ ಮನಸ್ಸಾಗದು.

ವಿಚಿತ್ರವೆಂದರೆ ಅದೇ ಪುಸ್ತಕದಲ್ಲಿ ದಾಸಿಮಯ್ಯನ ರಾಮನಾಥ ರಾಮನಾಥನಾಗಿಯೇ ಉಳಿದಿದ್ದಾನೆ. ಅಂದರೆ ರಾಮಾನುಜನ್ ಒಂದೇ ನಿಯಮಕ್ಕೆ ಜೋತುಬಿದ್ದವರಲ್ಲ. ಹೆಸರಿನಿಂದ ಚಿತ್ರ ಹುಟ್ಟುವಂತಿದ್ದರೆ ಬಿಡಿಸುತ್ತಾರೆ, ಇಲ್ಲದಿದ್ದರೆ ಮುಟ್ಟುವುದಿಲ್ಲ ಎಂದು ನನಗೆ ತೋರುತ್ತದೆ. ಇದು ಕವಿಯ ತೀರ್ಮಾನ, ಪಂಡಿತನದಲ್ಲ.

ಅಲ್ಲಮನಲ್ಲಿ ಈ ತೀರ್ಮಾನ ಕೈಕೊಡುತ್ತದೆ. ಗುಹೇಶ್ವರ ‘ಲಾರ್ಡ್ ಆಫ್ ಕೇವ್ಸ್’ ಆದೊಡನೆ ಬೆಡಗು ಸಡಿಲವಾಗಿ, ಗವಿಯೊಂದರ ಚಿತ್ರ ಮುಂದೆ ಬರುತ್ತದೆ. ತೇಜಸ್ವಿನಿ ನಿರಂಜನ 1992ರಲ್ಲಿ ಎತ್ತಿದ ಆಕ್ಷೇಪ ಇಲ್ಲಿಗೇ ತಟ್ಟುತ್ತದೆ: ಈ ಅನುವಾದ ವಚನವನ್ನು ಪಶ್ಚಿಮದ ಓದುಗನಿಗೆ ಪರಿಚಿತವಾದ ಭಾವಲೋಕಕ್ಕೆ ಒಗ್ಗಿಸಿಬಿಡುತ್ತದೆ ಎಂದು. ಅವರು ತಮ್ಮ ಅನುವಾದದಲ್ಲಿ ಗುಹೇಶ್ವರನನ್ನು ಹಾಗೆಯೇ ಇಟ್ಟರು. ಓದು ಅಲ್ಲಿ ತುಸು ಎಡವುತ್ತದೆ. ಅಲ್ಲಮನನ್ನು ಕನ್ನಡದಲ್ಲಿ ಓದುವಾಗಲೂ ಎಡವುತ್ತೇವಲ್ಲ!

ಗದ್ಯಕ್ಕೆ ಬಂದರೆ ಅದೇ ರಾಮಾನುಜನ್ ಬೇರೆಯದೇ ದಾರಿ ಹಿಡಿಯುತ್ತಾರೆ. ಅನಂತಮೂರ್ತಿಯವರ ‘ಸಂಸ್ಕಾರ’ 1976ರಲ್ಲಿ ಇಂಗ್ಲಿಷಿಗೆ ಬಂದಾಗ ಹೆಸರು ಬದಲಾಗಲಿಲ್ಲ. ಆ ಪದಕ್ಕೆ ಕಿಟೆಲ್ ನಿಘಂಟು ಕೊಡುವ ಅರ್ಥಗಳ ಪಟ್ಟಿಯನ್ನೇ ಪುಸ್ತಕದ ಆರಂಭದಲ್ಲಿ ಇಟ್ಟರು. ನಾರಣಪ್ಪನ ಹೆಣದ ಪ್ರಶ್ನೆಯೂ ಪ್ರಾಣೇಶಾಚಾರ್ಯರ ಒಳಗಿನ ಕದಲಿಕೆಯೂ ಆ ಒಂದು ಪದದಲ್ಲಿ ಒಟ್ಟಿಗೆ ಇರುವುದರಿಂದ ಇದು ಸರಿಯಾದ ಆಯ್ಕೆ. ಆದರೆ ಹೆಸರಿನ ಕೆಳಗೆ ‘ಸತ್ತವನೊಬ್ಬನಿಗೆ ಕರ್ಮ’ ಎಂಬರ್ಥದ ಉಪಶೀರ್ಷಿಕೆಯನ್ನೂ ಸೇರಿಸಿದರು. ಒಳಪುಟದಲ್ಲಿ ಬಿಚ್ಚಿಟ್ಟ ಅಷ್ಟೂ ಅರ್ಥಗಳಲ್ಲಿ ಒಂದನ್ನೇ ಹೀಗೆ ಮುಖಪುಟ ಆರಿಸಿಕೊಂಡಿತು, ಅದೂ ಆಚಾರ್ಯರನ್ನು ಹೊರಗಿಟ್ಟು ಹೆಣದ ಕಡೆಗೆ ಬೊಟ್ಟುಮಾಡುವ ಅರ್ಥವನ್ನು.