ಪರದೆಯಲ್ಲಿ ಇಂಗ್ಲಿಷ್, ಕಿವಿಗೆ ಕನ್ನಡ

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಕಡೆಯ ಕನ್ನಡ ಮಾಧ್ಯಮದ ಹುಡುಗರು ಕಂಪ್ಯೂಟರ್ ಮುಂದೆ ಕೂತಾಗ ಕಾಣುವುದು ಇಂಗ್ಲಿಷ್ ಪರದೆಯೇ. ಅವರಿಗೆ ಹೇಳಿ ಮಾಡಿಸಿದಂತಿವೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕನ್ನಡ ಪಾಠಗಳು. ಚಿತ್ರ ಇಂಗ್ಲಿಷಿನದೇ, ದನಿ ಮಾತ್ರ ಕನ್ನಡದ್ದು. ಇದರ ಹಿಂದಿನ ಸ್ಕ್ರಿಪ್ಟ್ ಕೆಲಸ ನನಗೆ ಬಹಳ ಇಷ್ಟ.

ಮೂಲ ಸ್ಕ್ರಿಪ್ಟಿನಲ್ಲಿ ಎರಡು ಕಾಲಂ: ಒಂದರಲ್ಲಿ ಪರದೆಯ ಮೇಲೆ ನಡೆಯುವುದು, ಇನ್ನೊಂದರಲ್ಲಿ ಆಡುವ ಮಾತು. ಕನ್ನಡಕ್ಕೆ ತರುವಾಗ ಮೊದಲ ಕಾಲಂನಲ್ಲಿ ಸಮಯ ಬರುತ್ತದೆ. ಚಿತ್ರ ಆಗಲೇ ಸಿದ್ಧವಿರುವುದರಿಂದ ಮಾತೇ ಅದಕ್ಕೆ ಹೊಂದಿಕೊಳ್ಳಬೇಕು.

ಕಷ್ಟ ಇಲ್ಲೇ. ಕರ್ಸರ್ 42ನೇ ಸೆಕೆಂಡಿಗೆ File ಮೇಲೆ, 45ಕ್ಕೆ Save As ಮೇಲೆ ಹೋಗುತ್ತದೆ ಎನ್ನಿ. "ನಾವು ಬರೆದದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಲು ಮೇಲಿರುವ File ಮೆನುವಿಗೆ ಹೋಗಿ" ಎಂದು ಬರೆದರೆ, File ಎಂಬ ಹೆಸರು ಬಾಯಿಗೆ ಬರುವಷ್ಟರಲ್ಲಿ ಕರ್ಸರ್ ಮುಂದಕ್ಕೆ ಹೋಗಿರುತ್ತದೆ. ನುರಿತವರು ಉದ್ದೇಶವನ್ನು ಹಿಂದಿನ ವಾಕ್ಯದಲ್ಲೇ ಹೇಳಿ ಮುಗಿಸುತ್ತಾರೆ. ಆಮೇಲೆ "File ಒತ್ತಿ. Save As ಆರಿಸಿ", ಅಷ್ಟೇ. ಹೆಸರು ಮೊದಲು, ಕ್ರಿಯಾಪದ ಕೊನೆಗೆ. ಕನ್ನಡದ ಜಾಯಮಾನವೂ ಅದೇ.

Save As ಅನ್ನು ಅನುವಾದಿಸದಿರುವುದೂ ಜಾಣತನವೇ. ಕಿವಿಗೆ ಬಿದ್ದ ಹೆಸರು ಮೆನುವಿನಲ್ಲಿ ಸಿಗದಿದ್ದರೆ ಹುಡುಗ ವೀಡಿಯೊ ನಿಲ್ಲಿಸಿ ಹುಡುಕುತ್ತಾನೆ.

ಗದ್ವಾಲದಲ್ಲೋ ಮಕ್ತಲ್‌ನಲ್ಲೋ ಇಂಥ ಪಾಠ ಮಾಡಹೊರಟ ಮೇಷ್ಟ್ರು ಪರದೆಯ ಹೆಸರುಗಳನ್ನು ಸಮಯದೊಡನೆ ಮೊದಲು ಬರೆದುಕೊಳ್ಳಲಿ, ಮಾತನ್ನು ಆಮೇಲೆ ಹೊಸೆಯಲಿ.