ಡಬ್ಬದೊಳಗೆ ಹೋದ ಚೀಟಿಗಳೆಷ್ಟು?

ಪಾಳ್ಯ, ಆಲೂರು, ಸಕಲೇಶಪುರದ ಕಡೆ ಲಕ್ಕಿ ಡಿಪ್ ಹೊಸದೇನಲ್ಲ. ಗಣಪತಿ ಕೂರಿಸುವ ಸಂಘದವರು, ಕಬಡ್ಡಿ ಆಡಿಸುವ ಹುಡುಗರು, ಯಾರದೋ ಆಪರೇಷನ್ನಿಗೆ ದುಡ್ಡು ಕೂಡಿಸುವ ಗೆಳೆಯರು ಕೂಪನ್ ಪುಸ್ತಕ ಅಚ್ಚು ಹಾಕಿಸಿ ಅಂಗಡಿಗೆ, ತೋಟದ ಲೈನಿಗೆ ಹಂಚುವುದು ಎಲ್ಲರೂ ಕಂಡದ್ದೇ. ಈಚೆಗೆ ಪುಸ್ತಕ ಹೋಗಿ ವಾಟ್ಸಾಪ್ ಸ್ಟೇಟಸ್ ಬಂದಿದೆ. ಮೇಲೆ ಬೈಕಿನ ಚಿತ್ರ, ನಡುವೆ ಆಸ್ಪತ್ರೆ ಹಾಸಿಗೆಯ ಮೇಲೊಂದು ಮಗು, ಕೆಳಗೆ ಸ್ಕ್ಯಾನರ್. ನೂರು ರೂಪಾಯಿ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದರೆ ನಿಮಗೊಂದು ನಂಬರ್ ಬರುತ್ತದೆ, ಡ್ರಾ ಫೇಸ್‌ಬುಕ್ ಲೈವ್‌ನಲ್ಲಿ. ಇಂಥದ್ದು ನಿಜವೋ ಮೋಸವೋ ಎಂದು ತೀರ್ಮಾನಿಸಲು ಹೆಚ್ಚಿನವರು ನೋಡುವುದು ಆ ಲೈವನ್ನು, ಇಲ್ಲವೇ ಹೋದ ಸಲ ಗೆದ್ದವರು ಕೀಲಿ ಹಿಡಿದು ನಿಂತ ಫೋಟೋವನ್ನು. ಇವೆರಡೂ ಸಾಕ್ಷಿಯೇ ಅಲ್ಲ ಎಂಬುದು ನನ್ನ ವಾದ. ಡ್ರಾ ಒಂದರ ಸಾಚಾತನ ನಿಂತಿರುವುದು ಚೀಟಿ ಎತ್ತುವ ಕ್ಷಣದ ಮೇಲಲ್ಲ, ಅದಕ್ಕೆ ಮುಂಚೆ ಡಬ್ಬದೊಳಗೆ ಏನೇನು ಹೋಯಿತು ಎಂಬುದರ ಮೇಲೆ. ಕಾಗದದ ಕೂಪನ್ನಿನಲ್ಲಿ ಅರ್ಧಂಬರ್ಧ ಕಾಣುತ್ತಿದ್ದ ಈ ಭಾಗ ಆನ್‌ಲೈನಿಗೆ ಬಂದ ಮೇಲೆ ಪೂರ್ತಿ ಮರೆಯಾಗಿದೆ.

ಒಂದು ಲೆಕ್ಕ ಹಾಕಿ ನೋಡೋಣ. ನೂರು ರೂಪಾಯಿಯ 5,000 ಕೂಪನ್ ಅಚ್ಚಾಗಿವೆ ಎಂದುಕೊಳ್ಳಿ. ಮೊದಲ ಬಹುಮಾನ ಒಂದು ಲಕ್ಷದ ಬೈಕು, ಆಮೇಲೆ ಒಂದು ಫ್ರಿಜ್ಜು, ಒಂದು ಮಿಕ್ಸಿ. ಎಲ್ಲ ಸೇರಿ ಖರ್ಚು ಹೆಚ್ಚುಕಡಿಮೆ ಒಂದು ಲಕ್ಷದ ಮೂವತ್ತು ಸಾವಿರ. ಮಾರಾಟವಾದದ್ದು 3,000. ಕೈಗೆ ಬಂದದ್ದು ಮೂರು ಲಕ್ಷ, ಚಿಕಿತ್ಸೆಗೆ ಉಳಿಯಬೇಕಾದದ್ದು ಒಂದು ಲಕ್ಷದ ಎಪ್ಪತ್ತು ಸಾವಿರ. ಈಗ ಡ್ರಾ ಎರಡು ರೀತಿಯಲ್ಲಿ ನಡೆಯಬಹುದು. ಮಾರಿದ ಕೂಪನ್ನುಗಳ ಅರ್ಧಚೀಟಿಗಳನ್ನಷ್ಟೇ ಡಬ್ಬಕ್ಕೆ ಹಾಕಿ ಒಂದನ್ನು ಎತ್ತಿದರೆ ಬೈಕು ಖಂಡಿತ ಯಾರಿಗಾದರೂ ಹೋಗುತ್ತದೆ. ಅದರ ಬದಲು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಒಂದೊಂದಾಗಿ ಎತ್ತಿ ನಾಲ್ಕಂಕಿಯ ನಂಬರ್ ಮಾಡಿದರೆ, 5,000ದೊಳಗೆ ಬರುವ ನಂಬರುಗಳಲ್ಲಿ ಐದಕ್ಕೆ ಎರಡು ಪಾಲು ಯಾರೂ ಕೊಳ್ಳದವು. ಬಹುಮಾನ ಸಂಘದ ಬಳಿಯೇ ಉಳಿದುಬಿಡಬಹುದು, ಒಂದು ಸುಳ್ಳನ್ನೂ ಹೇಳದೆ. ಊರಿನವರ ಎದುರು, ಪುಟ್ಟ ಮಗುವಿನ ಕೈಯಿಂದಲೇ ಎತ್ತಿಸಿದರೂ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪಂಜಾಬ್ ಸರ್ಕಾರದ ಬಂಪರ್ ಲಾಟರಿಯ ಜಾಹೀರಾತಿನಲ್ಲಿ ಮೊದಲ ಬಹುಮಾನ ಮಾರಾಟವಾದ ಟಿಕೆಟ್ಟಿಗೇ ಖಾತ್ರಿ ಎಂದು ಎತ್ತಿ ಹೇಳುವುದು ಸುಮ್ಮನೆ ಅಲ್ಲ. ಇನ್ನೂ ಒಂದು ಸಣ್ಣ ತೂತಿದೆ: ಪುಸ್ತಕ ತೆಗೆದುಕೊಂಡು ಹೋದವರು ಡ್ರಾ ದಿನಕ್ಕೆ ಅದನ್ನು ವಾಪಸ್ ತರದಿದ್ದರೆ, ಅದರಲ್ಲಿ ಕೊಂಡವರ ಚೀಟಿಗಳು ಡಬ್ಬಕ್ಕೆ ಬೀಳುವುದೇ ಇಲ್ಲ. ಇದು ಮೋಸಕ್ಕಿಂತ ಹೆಚ್ಚಾಗಿ ಉಡಾಫೆಯಿಂದ ಆಗುವಂಥದ್ದು, ಆದರೆ ದುಡ್ಡು ಕೊಟ್ಟವರಿಗೆ ಎರಡೂ ಒಂದೇ.

ಸ್ಟೇಟಸ್ ಮೇಲಿನ ಡ್ರಾದಲ್ಲಿ ಅಚ್ಚು ಹಾಕಿಸಿದ 5,000 ಎಂಬ ಮಿತಿಯೂ ಇರುವುದಿಲ್ಲ. ನಿಮಗೆ 2,318 ಎಂದು ನಂಬರ್ ಬಂದರೆ ನಿಮ್ಮ ಹಿಂದೆ ಇನ್ನೆಷ್ಟು ಜನ ಇದ್ದಾರೆಂದು ತಿಳಿಯದು, ಅದೇ ನಂಬರನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ ಎಂಬುದಕ್ಕೂ ಆಧಾರವಿಲ್ಲ. ಮಾರಾಟ ಸಾಲದಿದ್ದರೆ ‘ಜನರ ಒತ್ತಾಯದ ಮೇರೆಗೆ’ ತಾರೀಕು ಮುಂದಕ್ಕೆ ಹೋಗುತ್ತದೆ. ಇನ್ನು ಲೈವ್. ಹೆಸರು ತುಂಬಿದ ಚಕ್ರವನ್ನು ಮೊಬೈಲಿನಲ್ಲಿ ತಿರುಗಿಸುವ ಆ್ಯಪುಗಳಲ್ಲಿ ನಮಗೆ ಕಾಣುವುದು ಒಂದೇ ಸುತ್ತು. ಅದು ಮೊದಲ ಸುತ್ತೋ, ಬೇಕಾದ ಹೆಸರು ಬರುವವರೆಗೆ ತಿರುಗಿಸಿ ರೆಕಾರ್ಡ್ ಮಾಡಿಟ್ಟುಕೊಂಡದ್ದೋ ಪರದೆ ಹೇಳುವುದಿಲ್ಲ. ನಿಜವಾಗಿಯೇ ಲೈವ್ ಆಗಿದ್ದರೂ ಚಕ್ರದೊಳಗೆ ಎಲ್ಲರ ಹೆಸರೂ ಇತ್ತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಇದಕ್ಕೆ ಮದ್ದು ದುಬಾರಿಯದೇನೂ ಅಲ್ಲ. ಮಾರಾಟವನ್ನು ಹೇಳಿದ ಹೊತ್ತಿಗೆ ನಿಲ್ಲಿಸಿ, ಡ್ರಾಗೆ ಒಂದು ದಿನ ಮುಂಚೆ ಮಾರಿದ ನಂಬರುಗಳ ಪೂರ್ತಿ ಪಟ್ಟಿಯನ್ನು, ಪ್ರತಿ ನಂಬರಿನ ಮುಂದೆ ಊರು ಮತ್ತು ಹೆಸರಿನ ಮೊದಲಕ್ಷರ ಬರೆದು, ಅದೇ ಗ್ರೂಪಿಗೆ ಹಾಕಿದರೆ ಸಾಕು. ಆಗ ಕೊಂಡವರು ತಮ್ಮ ನಂಬರ್ ಇದೆಯೇ ಎಂದು ಹುಡುಕಿಕೊಳ್ಳುತ್ತಾರೆ, ಒಟ್ಟು ಎಷ್ಟು ಹಣ ಬಂತೆಂದು ಎಲ್ಲರಿಗೂ ಲೆಕ್ಕ ಸಿಗುತ್ತದೆ, ಮತ್ತು ಪಟ್ಟಿಯಲ್ಲಿಲ್ಲದ ನಂಬರಿಗೆ ಬಹುಮಾನ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪಟ್ಟಿ ಕೇಳಿದಾಗ ಸಂಘಟಕರು ಏನು ಹೇಳುತ್ತಾರೆ ಎಂಬುದು ನನ್ನ ದೃಷ್ಟಿಯಲ್ಲಿ ಹತ್ತು ಫೋಟೋಗಳಿಗಿಂತ ಗಟ್ಟಿ ಸಾಕ್ಷಿ.

ಕೇರಳ ಲಾಟರಿಯನ್ನು ಈ ಅಳತೆಗೆ ಹಿಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 2024ರ ಓಣಂ ಬಂಪರ್‌ನ 25 ಕೋಟಿ ಹೊಡೆದದ್ದು ಮಂಡ್ಯ ಜಿಲ್ಲೆಯ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ. ಗೆದ್ದ ಟಿಕೆಟ್ ವಯನಾಡಿನಲ್ಲಿ ಕೊಂಡದ್ದು, 500 ರೂಪಾಯಿಯ ಕಾಗದ. ಆ ವರ್ಷ ಸುಮಾರು 71 ಲಕ್ಷ ಟಿಕೆಟ್ ಮಾರಾಟವಾಗಿದ್ದವು. ಅಂದರೆ ಗೆಲ್ಲುವ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮಾರಾಟದ ಸಂಖ್ಯೆ ತಿಳಿದದ್ದು, ಬಹುಮಾನದ ಪಟ್ಟಿ ಮೊದಲೇ ಪ್ರಕಟವಾದದ್ದು, ಡ್ರಾ ತಿರುವನಂತಪುರದಲ್ಲಿ ಸರ್ಕಾರವೇ ನಡೆಸಿದ್ದು, ಫಲಿತಾಂಶ ಅಲ್ಲಿನ ಗೆಜೆಟ್ಟಿನಲ್ಲಿ ಬರುವಂಥದ್ದು. ರಾಜ್ಯ ಲಾಟರಿಗಳಿಗೆ ಈ ಕಟ್ಟುಪಾಡನ್ನು 1998ರ ಲಾಟರಿ ಕಾಯ್ದೆ ಹೇರಿದೆ: ಟಿಕೆಟ್ಟಿನ ಮೇಲೆ ರಾಜ್ಯದ ಮುದ್ರೆ ಇರಬೇಕು, ಮಾರಾಟದ ಹಣ ಸರ್ಕಾರದ ಖಾತೆಗೆ ಹೋಗಬೇಕು, ಡ್ರಾವನ್ನು ರಾಜ್ಯವೇ ನಡೆಸಬೇಕು, ಯಾರೂ ಕೇಳಿಕೊಂಡು ಬಾರದ ಬಹುಮಾನ ರಾಜ್ಯಕ್ಕೇ ಸೇರಬೇಕು. ಪಾಂಡವಪುರದ ಸುದ್ದಿ ಹರಡಿದ ಮೇಲೆ ಘಟ್ಟದ ಈಚೆಗೂ ‘ಕೇರಳ ಟಿಕೆಟ್ ಆನ್‌ಲೈನ್’ ಎಂಬ ಮೆಸೇಜಿಗೆ ಬೆಲೆ ಬರುವುದು ಸಹಜವೇ. ಆದರೆ ಕೇರಳದ ಲಾಟರಿ ಇಲಾಖೆ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮಾರುವುದೇ ಇಲ್ಲ. ಗೆದ್ದವರು ಕಾಗದದ ಮೂಲ ಟಿಕೆಟ್ಟನ್ನೇ 30 ದಿನದೊಳಗೆ ಒಪ್ಪಿಸಬೇಕು, ಫೋಟೋಗೆ ಅಲ್ಲಿ ಕಿಮ್ಮತ್ತಿಲ್ಲ. ವಾಟ್ಸಾಪಿನಲ್ಲಿ ಟಿಕೆಟ್ಟಿನ ಚಿತ್ರ ಕಳಿಸುವವರು ಅದೇ ಚಿತ್ರವನ್ನು ಎಷ್ಟು ಜನರಿಗೆ ಬೇಕಾದರೂ ಮಾರಬಹುದು, ನಿಜಕ್ಕೂ ಗೆದ್ದರೆ ಕಾಗದ ಅವರ ಕೈಯಲ್ಲಿರುತ್ತದೆ. ಕರ್ನಾಟಕದಲ್ಲಂತೂ 2007ರಿಂದ ಲಾಟರಿ ಮಾರಾಟಕ್ಕೇ ನಿಷೇಧವಿದೆ, ಬೇರೆ ರಾಜ್ಯದ ಟಿಕೆಟ್ಟಿಗೂ ಸೇರಿ.

ಯಾವುದಕ್ಕೂ ಚೀಟಿ ಹಾಕದೆಯೇ ಬಂದ ಬಹುಮಾನದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೌನ್ ಬನೇಗಾ ಕರೋಡ್‌ಪತಿ ಹೆಸರಿನಲ್ಲಿ 25 ಲಕ್ಷ ಬಂದಿದೆ ಎನ್ನುವ ವಾಟ್ಸಾಪ್ ಕರೆ, ಅಂಚೆಯಲ್ಲಿ ಬರುವ ಸ್ಕ್ರ್ಯಾಚ್ ಕಾರ್ಡ್, ಇವೆಲ್ಲ ಡಬ್ಬವೇ ಇಲ್ಲದ ಡ್ರಾಗಳು. ಆದರೆ ಅವರು ‘ಮೊದಲು ಟ್ಯಾಕ್ಸ್ ಕಟ್ಟಿ’ ಎನ್ನುವಾಗ ಓದಿದವರೂ ಒಂದು ಕ್ಷಣ ತಡೆಯುತ್ತಾರೆ, ಏಕೆಂದರೆ ಆ ಮಾತಿನಲ್ಲಿ ಕಾಲುಭಾಗ ಸತ್ಯವಿದೆ. ನಗದು ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರೇ ಶೇ. 30ರಷ್ಟು ಆದಾಯ ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಗೆದ್ದವರು ಮುಂಗಡವಾಗಿ ಕಟ್ಟುವ ಮಾತೇ ಇಲ್ಲ. ಬಹುಮಾನ ಕಾರು, ಬೈಕಿನಂಥ ವಸ್ತುವಾಗಿದ್ದರೆ ಮಾತ್ರ ಅದರಿಂದ ಮುರಿದುಕೊಳ್ಳಲು ನಗದಿಲ್ಲ. ಹಾಗಾಗಿ ತೆರಿಗೆ ಸಂದಾಯವಾದದ್ದನ್ನು ಖಚಿತ ಮಾಡಿಕೊಂಡೇ ವಸ್ತು ಬಿಡಬೇಕೆಂದು ಕಾನೂನು ಹೇಳುತ್ತದೆ. ಒಂದು ಲಕ್ಷದ ಬೈಕಿಗೆ ಗೆದ್ದವರು ನಿಜವಾಗಿಯೂ 30,000 ಹೊಂದಿಸಬೇಕಾಗಿ ಬರಬಹುದು. ಆದರೆ ಆ ಹಣ ಸೇರುವುದು ಆದಾಯ ತೆರಿಗೆ ಇಲಾಖೆಗೆ, ಗೆದ್ದವರ ಪ್ಯಾನ್ ನಂಬರಿನ ಲೆಕ್ಕಕ್ಕೆ. ಆಮೇಲೆ ಅದು ಅವರ 26ಎಎಸ್ ದಾಖಲೆಯಲ್ಲಿ ಕಾಣುತ್ತದೆ. ಯಾರದೋ ಹೆಸರಿನ ಯುಪಿಐಗೆ, ‘ಫೈಲ್ ಚಾರ್ಜ್’, ‘ಜಿಎಸ್‌ಟಿ’ ಎಂದು ಕಂತುಕಂತಾಗಿ ಹೋಗುವ ದುಡ್ಡಿಗೆ ತೆರಿಗೆ ಎಂಬ ಹೆಸರಿಲ್ಲ.

ಈ ಮಾತುಗಳಿಗೆ ನಮ್ಮ ಕಡೆಯವರು ಎತ್ತುವ ಆಕ್ಷೇಪ ಗೊತ್ತಿರುವುದೇ: ಸಂಘದ ಹುಡುಗರು ನಮ್ಮೂರಿನವರೇ, ನೂರು ರೂಪಾಯಿಗೆ ಪಟ್ಟಿ, ಲೆಕ್ಕ ಅಂತ ಕೇಳಿದರೆ ಅವಮಾನ ಮಾಡಿದಂತೆ, ಬಹುಮಾನ ಬಾರದಿದ್ದರೂ ಧರ್ಮಕ್ಕೆ ಹೋಯಿತು ಅಂದುಕೊಂಡರಾಯಿತು. ಊರೊಳಗಿನ ಪರಿಚಯಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಡ್ರಾ ಮುಗಿದ ಮೇಲೂ ಅದೇ ರಸ್ತೆಯಲ್ಲಿ ಮುಖ ನೋಡಬೇಕೆಂಬ ಭಯ ಎಷ್ಟೋ ಸಂಘಗಳನ್ನು ನೆಟ್ಟಗಿಟ್ಟಿದೆ. ಆದರೆ ಸ್ಟೇಟಸ್ಸು ಪಾಳ್ಯ ದಾಟಿ ಹಾಸನ, ಮಂಗಳೂರು, ದುಬೈ ಮುಟ್ಟಿದಾಗ ಆ ಪರಿಚಯ ಜೊತೆಗೆ ಹೋಗುವುದಿಲ್ಲ, ಬರೀ ಸ್ಕ್ಯಾನರ್ ಹೋಗುತ್ತದೆ. ಫಾರ್ವರ್ಡ್ ಮಾಡಿದವರ ಮುಖ ನೋಡಿ ದುಡ್ಡು ಹಾಕುತ್ತಾರೆಯೇ ಹೊರತು ಡ್ರಾ ನಡೆಸುವವರನ್ನು ನೋಡಿ ಅಲ್ಲ. ಇನ್ನು ಧರ್ಮದ ಮಾತು. ಅದು ಡ್ರಾಗಿಂತ ಬೇರೆಯದೇ ಪರೀಕ್ಷೆ ಬೇಡುತ್ತದೆ. ಬೈಕು ಸರಿಯಾಗಿ ಸಂದು ಚಿಕಿತ್ಸೆಗೆ ಚಿಕ್ಕಾಸೂ ಹೋಗದೆ ಇರಬಹುದು, ಅದು ಇನ್ನೂ ಜಾಣತನದ ಮೋಸ, ಏಕೆಂದರೆ ಗೆದ್ದವರ ಫೋಟೋ ನಿಜವಾಗಿರುತ್ತದೆ. ಬ್ರಿಟನ್ನಿನಲ್ಲಿ ಇಂಥ ಸಣ್ಣ ಸಂಘಗಳು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಿಕೊಂಡು, ಬಂದ ಹಣದಲ್ಲಿ ಕನಿಷ್ಠ ಐದನೇ ಒಂದು ಪಾಲನ್ನು ಉದ್ದೇಶಕ್ಕೆ ಕೊಡಲೇಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂಥ ಗೆರೆ ಇಲ್ಲವಾದ್ದರಿಂದ ಸಂಘದವರೇ ಎಳೆದು ತೋರಿಸಬೇಕು: ಯಾವ ಆಸ್ಪತ್ರೆ, ಬಿಲ್ ಎಷ್ಟು, ಹಣ ನೇರ ಆಸ್ಪತ್ರೆಗೇ ಕಟ್ಟುತ್ತಾರೋ ಇಲ್ಲವೋ, ರಶೀದಿ ಗ್ರೂಪಿಗೆ ಬರುತ್ತದೋ ಇಲ್ಲವೋ. ಮಗುವಿನ ನೋವಿಗೆ ಕರಗಿ ನೂರು ಕೊಡುವವರಿಗೆ ಬೈಕಿನ ಆಸೆ ಬೇಕಾಗಿಲ್ಲ, ನೇರ ಆಸ್ಪತ್ರೆ ಖಾತೆಗೆ ಹಾಕಿದರೆ ನೂರಕ್ಕೆ ನೂರೂ ತಲುಪುತ್ತದೆ. ಮೇಲಿನ ಲೆಕ್ಕದಲ್ಲಿ ಪ್ರಾಮಾಣಿಕ ಡ್ರಾದಲ್ಲೂ ತಲುಪಿದ್ದು ಐವತ್ತೇಳೇ ರೂಪಾಯಿ.

ಪಟ್ಟಿ ಬೇಕೆನ್ನಲು ಇನ್ನೊಂದು ಕಾರಣ ಕಾನೂನಿನಲ್ಲಿದೆ. ಅಂಗಡಿಯವರು ವ್ಯಾಪಾರಕ್ಕೆಂದು ನಡೆಸುವ ಬಹುಮಾನ ಯೋಜನೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದೆ ಮುಚ್ಚಿಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಹಾಸನದ ಗ್ರಾಹಕ ಆಯೋಗಕ್ಕೆ ದೂರು ಒಯ್ಯಲು ಅಷ್ಟು ಆಧಾರ ಸಿಗುತ್ತದೆ. ಸಂಘದ ನೂರು ರೂಪಾಯಿ ಕೂಪನ್ನಿಗೆ ಆ ದಾರಿಯೂ ಕಷ್ಟ. ಸರ್ಕಾರದ ಅನುಮತಿ ಇಲ್ಲದ ಲಾಟರಿ ನಡೆಸುವುದೇ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಡಿ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ ವಿನಾಯಿತಿ ಇಲ್ಲ. ಪಂದ್ಯದ ಸ್ವರೂಪದ ಒಪ್ಪಂದಕ್ಕೆ ಕರಾರು ಕಾಯ್ದೆಯ 30ನೇ ಕಲಮು ಬೆಲೆ ಕೊಡುವುದಿಲ್ಲ. ಆದ್ದರಿಂದ ನಂಬರ್ ಹೊಡೆದೂ ಬೈಕು ಕೊಡದಿದ್ದರೆ ಬೈಕು ಕೊಡಿಸಿ ಎಂದು ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ಉಳಿಯುವುದು ವಂಚನೆಯ ದೂರು: ಆನ್‌ಲೈನಿನಲ್ಲಿ ಹಣ ಹೋಗಿದ್ದರೆ 1930ಕ್ಕೆ ಕರೆ, ಅದೂ ಹಣ ಇನ್ನೊಂದು ಖಾತೆಗೆ ದಾಟುವ ಮೊದಲು. ಅಲ್ಲಿ ಕೇಳುವುದು ವಹಿವಾಟಿನ ನಂಬರ್, ಹಣ ಹೋದ ಯುಪಿಐ, ದಿನ, ಹೊತ್ತು. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುವುದರಿಂದ ಆ ಸ್ಕ್ಯಾನರ್ ಮತ್ತು ನಂಬರ್ ಕೊಟ್ಟ ಮೆಸೇಜಿನ ಸ್ಕ್ರೀನ್‌ಶಾಟನ್ನು ಹಣ ಹಾಕಿದ ದಿನವೇ ತೆಗೆದಿಟ್ಟುಕೊಂಡಿರಬೇಕು.